ಬೆಲ್ಲದ ಪೌಚಿಗೆ ಯಾವ ಸಾಲು? ಮುಧೋಳದ ಓದುಗರಿಗೆ ಉತ್ತರ

ಪ್ರಶ್ನೆ: ನಮ್ಮದು ಮುಧೋಳ ತಾಲ್ಲೂಕು. ಅಪ್ಪನ ಕಾಲದಿಂದ ಗಾಣ ಇದೆ. ಇಷ್ಟು ದಿನ ಪೆಂಟಿ ಮಾಡಿ ಮಹಾಲಿಂಗಪುರ ಪೇಟೆಗೆ ಹಾಕ್ತಿದ್ವಿ. ಈ ಸಲ ಒಂದು ಕೆಜಿ ಪೌಚ್ ಮಾಡಿ ಬೆಳಗಾವಿ, ವಿಜಯಪುರದ ಅಂಗಡಿಗಳಿಗೆ ಕೊಡಬೇಕು ಅಂತಿದ್ದೀವಿ. ಏಜೆನ್ಸಿಯವರು ಎರಡು ಟ್ಯಾಗ್‌ಲೈನ್ ಬರೆದುಕೊಟ್ಟಿದ್ದಾರೆ. ಒಂದು, "100% ಶುದ್ಧ, ಕೆಮಿಕಲ್ ಮುಕ್ತ ಬೆಲ್ಲ: ಶುಗರ್ ಇದ್ದವರಿಗೂ ಸಿಹಿ ಸುದ್ದಿ". ಇನ್ನೊಂದು, "ಪರಂಪರೆಯ ಸಿಹಿ, ಆರೋಗ್ಯದ ಐಸಿರಿ". ಬೆಲ್ಲ ಹಳದಿ ಬರಲಿ ಅಂತ ಹಾಕುವ ಹೈಡ್ರೋಸ್ ಪುಡಿ ನಾವು ಹಾಕೋದಿಲ್ಲ. ಸುಣ್ಣದ ತಿಳಿ, ಬೆಂಡೆ ಗಿಡದ ಲೋಳೆ ಅಷ್ಟೇ. ಆರ್ಡರ್ ಜಾಸ್ತಿ ಆದಾಗ ಪಕ್ಕದೂರಿನ ಎರಡು ಗಾಣಗಳಿಂದಲೂ ಬೆಲ್ಲ ತಗೋತೀವಿ. ಬೆಲ್ಲ ಯಾಕೆ ಕಪ್ಪು ಅಂತ ಯಾರಾದರೂ ಕೇಳಿದರೆ ಅಪ್ಪ, "ಬಣ್ಣ ಬಂದಂಗ ಬರ್ಲಿ, ಹೈಡ್ರೋಸ್ ಹಾಕಂಗಿಲ್ಲ" ಅಂತಾರೆ. ತಮ್ಮ ಅದನ್ನೇ ಪೌಚಿನ ಮೇಲೆ ಹಾಕೋಣ ಅಂತಾನೆ. ಏಜೆನ್ಸಿಯವರು "ಹಳ್ಳಿ ಮಾತು, ಬ್ರ್ಯಾಂಡಿಗೆ ಆಗಲ್ಲ" ಅಂತಾರೆ. ಪೌಚ್ ಪ್ರಿಂಟಿನ ಸಿಲಿಂಡರ್ ಮಾಡಿಸುವ ಮುಂಚೆ ನಿಮ್ಮ ಅಭಿಪ್ರಾಯ ಬೇಕು.

ಉತ್ತರ: ನನ್ನ ಓಟು ನಿಮ್ಮ ಅಪ್ಪನಿಗೆ. ಆದರೆ ಅವರ ಸಾಲನ್ನೂ ಹಾಗೇ ಎತ್ತಿ ಅಚ್ಚು ಹಾಕಿಸಬೇಡಿ. ಅದಕ್ಕೆ ಒಂದೆರಡು ತಿದ್ದುಪಡಿ ಬೇಕು. ಅದಕ್ಕಿಂತ ಮುಖ್ಯವಾಗಿ, ಪಕ್ಕದೂರಿನ ಆ ಎರಡು ಗಾಣಗಳ ವಿಷಯ ಮೊದಲು ಇತ್ಯರ್ಥ ಆಗಬೇಕು.

ಏಜೆನ್ಸಿಯ ಮೊದಲ ಸಾಲಿನಿಂದ ಶುರು ಮಾಡೋಣ. ಒಂದೇ ಸಾಲಿನಲ್ಲಿ ನಾಲ್ಕು ಮಾತು ತುಂಬಿದ್ದಾರೆ: 100%, ಶುದ್ಧ, ಕೆಮಿಕಲ್ ಮುಕ್ತ, ಶುಗರ್ ಇದ್ದವರಿಗೆ. ನಾಲ್ಕರಲ್ಲಿ ಒಂದೂ ನಿಮ್ಮ ಕೈಯಲ್ಲಿ ನಿಲ್ಲುವುದಿಲ್ಲ.

ಶುಗರ್ ಮಾತು ಎಲ್ಲಕ್ಕಿಂತ ಅಪಾಯದ್ದು. "ವಾಸಿ ಆಗುತ್ತೆ ಅಂತ ನಾವೆಲ್ಲಿ ಹೇಳಿದ್ದೀವಿ, ಸಿಹಿ ಸುದ್ದಿ ಅಂದಿದ್ದೀವಿ ಅಷ್ಟೇ" ಎಂದು ಏಜೆನ್ಸಿಯವರು ವಾದ ಮಾಡಬಹುದು. ಆದರೆ ಶುಗರ್ ಇರುವ ಹಿರಿಯರೊಬ್ಬರು ಆ ಪೌಚ್ ಓದಿದರೆ ಏನು ತಿಳಿಯುತ್ತಾರೆ? "ಇದನ್ನ ನಾನು ತಿನ್ನಬಹುದು" ಅಂತಲೇ ಅಲ್ವಾ? ಬೆಲ್ಲ ಅಂದರೆ ಬಹುಪಾಲು ಸಕ್ಕರೆಯೇ. ನಮ್ಮ ಆಹಾರ ಮಾನದಂಡವೇ ಕಬ್ಬಿನ ಬೆಲ್ಲದ ಒಣತೂಕದಲ್ಲಿ ಒಟ್ಟು ಸಕ್ಕರೆ ಶೇ 90ಕ್ಕಿಂತ ಕಡಿಮೆ ಇರಬಾರದು ಎನ್ನುತ್ತದೆ. ಒಂದಿಷ್ಟು ಕಬ್ಬಿಣಾಂಶ, ಖನಿಜ ಇದ್ದರೂ ರಕ್ತದ ಸಕ್ಕರೆ ಏರುವುದು ತಪ್ಪುವುದಿಲ್ಲ. ಆ ಸಾಲನ್ನು ನಂಬಿ ಒಬ್ಬರು ದಿನಾ ಎರಡು ತುಂಡು ಬೆಲ್ಲ ಜಾಸ್ತಿ ತಿಂದರೆ ನಷ್ಟ ಅವರ ಮೈಗೆ. ಕಾನೂನು ಕೂಡ ಇಲ್ಲಿ ಬಿಗಿಯಾಗಿದೆ. ಆಹಾರ ಪದಾರ್ಥ ರೋಗ ತಡೆಯುತ್ತದೆ, ಗುಣ ಮಾಡುತ್ತದೆ ಎಂಬ ಅರ್ಥ ಬರುವ ಮಾತಿಗೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2018ರ ಜಾಹೀರಾತು ಮತ್ತು ಕ್ಲೇಮ್ ನಿಯಮಗಳಲ್ಲಿ ಜಾಗವಿಲ್ಲ. ಮಧುಮೇಹಕ್ಕೆ ಮದ್ದು ಎಂದು ಸಾರುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಕಣ್ಣಿಗೂ ಬೀಳುತ್ತದೆ. ಆ ಕಾಯ್ದೆಯ ರೋಗಗಳ ಪಟ್ಟಿಯಲ್ಲಿ ಮಧುಮೇಹವೂ ಇದೆ. ಈ ಭಾಗವನ್ನು ತಿದ್ದುವ ಗೋಜಿಗೇ ಹೋಗಬೇಡಿ, ಹೊಡೆದು ಹಾಕಿ.

"100%" ಎಂಬುದನ್ನೂ ಬಿಡಿ. 2025ರ ಮೇ ತಿಂಗಳಲ್ಲಿ ಎಫ್‌ಎಸ್‌ಎಸ್‌ಎಐ ಇದರ ಬಗ್ಗೆಯೇ ಸಲಹಾ ಪತ್ರ ಹೊರಡಿಸಿದೆ. ಲೇಬಲ್, ಪ್ಯಾಕೆಟ್, ಜಾಹೀರಾತು ಎಲ್ಲೂ ಈ ಪದ ಬಳಸಬೇಡಿ ಎಂದು ಆಹಾರ ಉದ್ಯಮದವರಿಗೆ ಹೇಳಿದೆ. "ಶುದ್ಧ" ಎನ್ನುವುದಕ್ಕೂ 2018ರ ನಿಯಮಗಳಲ್ಲಿ ಷರತ್ತು ಇದೆ. ಒಂದೇ ಪದಾರ್ಥ ಇರಬೇಕು, ಅದಕ್ಕೆ ಬೇರೇನೂ ಸೇರಿಸಿರಬಾರದು. ನೀವು ಸುಣ್ಣ, ಬೆಂಡೆ ಲೋಳೆ ಹಾಕುತ್ತೀರಿ. ಅದು ತಪ್ಪಲ್ಲ, ರಸದ ಹುಳಿ ಇಳಿಸಲು, ಹೊಲಸು ನೊರೆಯಾಗಿ ಮೇಲೆ ಬರಲು ಅವು ಬೇಕು. ಆದರೆ ಯಾರಾದರೂ "ಏನೂ ಸೇರಿಸಿಲ್ಲವಾ?" ಎಂದು ಕೇಳಿದರೆ ನೀವು ಅರ್ಧ ಗಂಟೆ ವಿವರಣೆ ಕೊಡಬೇಕಾಗುತ್ತದೆ. ಅಷ್ಟು ವಿವರಣೆ ಬೇಡುವ ಪದವನ್ನು ಪೌಚಿನ ಎದೆಯ ಮೇಲೆ ಯಾಕೆ ಹಾಕಬೇಕು?

"ಕೆಮಿಕಲ್ ಮುಕ್ತ"ದ ಕಥೆಯೂ ಇದೇ. ಸುಣ್ಣವೂ ಒಂದು ಕೆಮಿಕಲ್. ಅದನ್ನು ಪಕ್ಕಕ್ಕಿಟ್ಟರೂ, ಆ ಪದ ಓದಿದವರ ತಲೆಯಲ್ಲಿ ಕಬ್ಬಿನ ಗದ್ದೆಯೇ ಬರುತ್ತದೆ. ಯೂರಿಯಾ ಹಾಕಿಲ್ಲ, ಕಳೆನಾಶಕ ಹೊಡೆದಿಲ್ಲ, ಅಂದರೆ ಇದು ಸಾವಯವ ಬೆಲ್ಲ ಎಂದುಕೊಳ್ಳುತ್ತಾರೆ. ಸಾವಯವ ಎಂದು ಮಾರಲು 2017ರ ಸಾವಯವ ಆಹಾರ ನಿಯಮಗಳ ಪ್ರಕಾರ ಎನ್‌ಪಿಒಪಿ ಅಥವಾ ಪಿಜಿಎಸ್ ಎಂಬ ಸರ್ಕಾರಿ ವ್ಯವಸ್ಥೆಯ ಪ್ರಮಾಣಪತ್ರ ಬೇಕು. ವರ್ಷಕ್ಕೆ 12 ಲಕ್ಷ ರೂಪಾಯಿ ಒಳಗಿನ ವಹಿವಾಟಿನ ಸಣ್ಣ ಬೆಳೆಗಾರರು ನೇರವಾಗಿ ಗಿರಾಕಿಗೆ ಮಾರಿದರೆ ವಿನಾಯಿತಿ ಇದೆ. ನೀವು ಅಂಗಡಿಗೆ ಕೊಡುತ್ತೀರಿ, ಹಾಗಾಗಿ ಅದು ನಿಮಗೆ ಅನ್ವಯಿಸುವುದಿಲ್ಲ. ನೀವು "ಸಾವಯವ" ಎಂಬ ಪದವನ್ನೇ ಬರೆದಿಲ್ಲ, ನಿಜ. ಆದರೆ ಓದಿದವರು ಅದನ್ನೇ ಓದಿಕೊಂಡರೆ ಅದು ನಿಮ್ಮ ಮಾತೇ ಆಗುತ್ತದೆ.

ಟ್ಯಾಗ್‌ಲೈನ್ ತೂಗುವಾಗ ನಾನು ಎಲ್ಲಕ್ಕಿಂತ ಜಾಸ್ತಿ ಗಮನ ಕೊಡುವುದು ಇದಕ್ಕೇ. ನೀವು ಏನು ಬರೆದಿರಿ ಎನ್ನುವುದಲ್ಲ, ಗಿರಾಕಿಗೆ ಏನು ಅರ್ಥ ಆಯಿತು ಎನ್ನುವುದೇ ನಿಮ್ಮ ಕ್ಲೇಮು. ತಪ್ಪು ದಾರಿಗೆಳೆಯುವ ಜಾಹೀರಾತು ಹೌದೋ ಅಲ್ಲವೋ ಎಂದು ನೋಡುವವರೂ ಸಾಮಾನ್ಯ ಓದುಗನಿಗೆ ಯಾವ ಭಾವನೆ ಬರುತ್ತದೆ ಎಂದೇ ನೋಡುತ್ತಾರೆ. ಹಾಗಾಗಿ ಸಾಲು ಸ್ಪಷ್ಟವಾಗಿದೆಯೇ ಎಂಬ ಪರೀಕ್ಷೆ ಬೇರೆ, ಸಮರ್ಥಿಸಿಕೊಳ್ಳಬಹುದೇ ಎಂಬ ಪರೀಕ್ಷೆ ಬೇರೆ ಎಂದುಕೊಳ್ಳಬೇಡಿ. ಎರಡಕ್ಕೂ ಉತ್ತರ ಒಂದೇ ಕಡೆ ಸಿಗುತ್ತದೆ, ಓದಿದವರ ಬಾಯಲ್ಲಿ.

ನಿಮ್ಮ ಏಜೆನ್ಸಿಯವರು ಹೇಳಿರಬಹುದಾದ ಕೆಲವು ಸಮಾಧಾನಗಳಿವೆ. ನಮ್ಮ ಕಡೆ ಎಲ್ಲ ಸಣ್ಣ ಉದ್ಯಮದವರ ಬಾಯಲ್ಲೂ ಕೇಳುತ್ತೇನೆ. "ಎಫ್‌ಎಸ್‌ಎಸ್‌ಎಐ ನಂಬರ್ ಇದೆಯಲ್ಲ, ಅವರೇ ಒಪ್ಪಿದ್ದಾರೆ." ಇಲ್ಲ, ಆ ನಂಬರ್ ನೀವು ವ್ಯಾಪಾರ ಮಾಡಲು ಇರುವ ಪರವಾನಗಿ. ನಿಮ್ಮ ಟ್ಯಾಗ್‌ಲೈನನ್ನು ಯಾರೂ ಓದಿ ಒಪ್ಪಿರುವುದಿಲ್ಲ. "ಎಲ್ಲರೂ ಬರೀತಾರೆ." ಬರೆಯುತ್ತಾರೆ, ಆದರೆ ನೋಟಿಸ್ ಬಂದಾಗ ಪಕ್ಕದ ಕಂಪನಿಯ ಪೌಚ್ ತೋರಿಸಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. "ಒಂದು ಸ್ಟಾರ್ ಹಾಕಿ ಕೆಳಗೆ ಸಣ್ಣಗೆ ವಿವರಣೆ ಕೊಡೋಣ." 2022ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಪ್ರಕಾರ ಆ ವಿವರಣೆ ಮೇಲಿನ ಮಾತನ್ನು ಬಿಡಿಸಿ ಹೇಳಬಹುದು, ಉಲ್ಟಾ ಹೊಡೆಯುವಂತಿಲ್ಲ. ಕ್ಲೇಮು ಕನ್ನಡದಲ್ಲಿದ್ದರೆ ವಿವರಣೆಯೂ ಕನ್ನಡದಲ್ಲೇ ಇರಬೇಕು. ದಂಡದ ಮಾತು ಹೇಳಿ ಹೆದರಿಸುವುದು ನನಗೆ ಇಷ್ಟವಿಲ್ಲ, ಆದರೆ ಗೊತ್ತಿರಲಿ. 2006ರ ಆಹಾರ ಸುರಕ್ಷತಾ ಕಾಯ್ದೆಯ 53ನೇ ಸೆಕ್ಷನ್‌ನಲ್ಲಿ ತಪ್ಪು ದಾರಿಗೆಳೆಯುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಇದೆ. ಪೌಚಿನ ಮೇಲೆ ಇರುವುದು ನಿಮ್ಮ ಹೆಸರು. ಏಜೆನ್ಸಿಯವರು ಬರೆದದ್ದು ಎಂದರೆ ನಿಮ್ಮ ಜವಾಬ್ದಾರಿ ಹೋಗುವುದಿಲ್ಲ.

ಎರಡನೇ ಸಾಲು, "ಪರಂಪರೆಯ ಸಿಹಿ, ಆರೋಗ್ಯದ ಐಸಿರಿ", ಬೇರೆ ರೀತಿಯಲ್ಲಿ ಸೋಲುತ್ತದೆ. ಕೇಳಲು ಇಂಪಾಗಿದೆ. ಬೆಲ್ಲದ ಜಾಗದಲ್ಲಿ ಅಮೀನಗಡದ ಕರದಂಟು ಇಡಿ, ಸಾಲು ಹೊಂದುತ್ತದೆ. ಬೆಳಗಾವಿ ಕುಂದಾ ಇಡಿ, ಆಗಲೂ ಹೊಂದುತ್ತದೆ. ಜೇನುತುಪ್ಪಕ್ಕೂ ಸೈ. ಎಲ್ಲರಿಗೂ ಒಪ್ಪುವ ಸಾಲು ಯಾರ ಹೆಸರಿಗೂ ಅಂಟುವುದಿಲ್ಲ. ಜನ ಸಾಲನ್ನು ನೆನಪಿಟ್ಟುಕೊಂಡರೂ ಬ್ರ್ಯಾಂಡ್ ಹೆಸರು ಕೇಳಿದರೆ ಆಗಲೇ ದೊಡ್ಡದಾಗಿರುವ ಯಾವುದೋ ಕಂಪನಿಯ ಹೆಸರು ಹೇಳುತ್ತಾರೆ. ಅಂದರೆ ನಿಮ್ಮ ದುಡ್ಡಿನಲ್ಲಿ ಅವರ ಪ್ರಚಾರ. ಜೊತೆಗೆ "ಆರೋಗ್ಯ" ಎಂಬ ಪದಕ್ಕೆ ಯಾರಾದರೂ "ಹೇಗೆ?" ಎಂದರೆ ನಿಮ್ಮ ಹತ್ತಿರ ಉತ್ತರವಿಲ್ಲ. "ಪರಂಪರೆ"ಗೂ ಅಷ್ಟೇ, ಮಾಡುವ ವಿಧಾನ ತಲೆಮಾರುಗಳಿಂದ ಹೆಚ್ಚು ಬದಲಾಗದೆ ಬಂದಿದೆ ಎಂದು ತೋರಿಸಬೇಕಾಗುತ್ತದೆ.

ಈಗ ನಿಮ್ಮ ಅಪ್ಪನ ಮಾತಿಗೆ ಬರೋಣ. "ಬಣ್ಣ ಬಂದಂಗ ಬರ್ಲಿ, ಹೈಡ್ರೋಸ್ ಹಾಕಂಗಿಲ್ಲ."

ಈ ಸಾಲು ಯಾಕೆ ನೆನಪಿರುತ್ತದೆ ನೋಡಿ. "ಬಣ್ಣ, ಬಂದಂಗ, ಬರ್ಲಿ" ಮೂರೂ ಬಕಾರದಲ್ಲಿ ಶುರುವಾಗುತ್ತವೆ, ಗಾದೆಯ ಹಾಗೆ ಎರಡು ತುಂಡಾಗಿ ನಿಲ್ಲುತ್ತದೆ. ಅಷ್ಟೇ ಅಲ್ಲ, ಅದರಲ್ಲಿ ಒಂದು ಹಟ ಇದೆ. ಪೇಟೆಯಲ್ಲಿ ಹಳದಿ ಬೆಲ್ಲಕ್ಕೆ ರೇಟು ಜಾಸ್ತಿ ಎನ್ನುವುದು ನಿಮಗೇ ಚೆನ್ನಾಗಿ ಗೊತ್ತು. ಆ ರೇಟು ಹೋದರೂ ಪರವಾಗಿಲ್ಲ ಎನ್ನುವವನ ಮಾತು ಇದು. ಬೇರೆ ಕಂಪನಿಯವರು ಇದನ್ನು ಎತ್ತಿಕೊಳ್ಳುವುದೂ ಕಷ್ಟ, ಎತ್ತಿಕೊಂಡರೆ ಅವರೂ ಹೈಡ್ರೋಸ್ ಬಿಡಬೇಕಾಗುತ್ತದೆ. "ಹಳ್ಳಿ ಮಾತು" ಎಂಬ ಆಕ್ಷೇಪ ನನಗೆ ಒಪ್ಪಿಗೆಯಿಲ್ಲ. ನೀವು ಮಾರುವುದು ಬೆಳಗಾವಿ, ವಿಜಯಪುರದಲ್ಲಿ. "ಬಂದಂಗ" ಅಂದರೆ ಇಲ್ಲಿ ಯಾರಿಗೂ ತಿಳಿಯದೇ ಇರುವುದಿಲ್ಲ. ಮುಂದೆ ಬೆಂಗಳೂರಿಗೆ ಕಳಿಸಿದರೂ ಈ ಮಾತಿನಿಂದಲೇ ನೀವು ಯಾವ ಕಡೆಯವರು ಎಂದು ಗೊತ್ತಾಗುತ್ತದೆ. ಬೆಲ್ಲಕ್ಕೆ ಅದು ಒಳ್ಳೆಯದೇ.

ಇನ್ನೊಂದು ಬುದ್ಧಿವಂತಿಕೆ ಇದರಲ್ಲಿದೆ. ನಿಮ್ಮ ತಮ್ಮ ಮುಂದೆ "ಕಪ್ಪು ಬೆಲ್ಲವೇ ಒಳ್ಳೆ ಬೆಲ್ಲ" ಎಂಬ ಕಡೆ ಎಳೆಯಬಹುದು, ಬಿಡಬೇಡಿ. ಕಪ್ಪಾಗಿದ್ದರೆ ಕಲಬೆರಕೆ ಇಲ್ಲ ಎನ್ನುವುದು ಈಗ ಜನರಲ್ಲಿ ಹಬ್ಬಿರುವ ನಂಬಿಕೆ, ಆದರೆ ಅದು ನಿಜವಲ್ಲ. ಹಳೆಯ ಬೆಲ್ಲ ಕಪ್ಪಾಗುತ್ತದೆ. ಕೊಪ್ಪರಿಗೆಯಲ್ಲಿ ತಳ ಹತ್ತಿದರೂ ಕಪ್ಪಾಗುತ್ತದೆ. ಸವಳು ಮಣ್ಣಿನ ಕಬ್ಬಿನಿಂದಲೂ ಗಾಢ ಬಣ್ಣ ಬರುತ್ತದೆ. ಅದೇ ರೀತಿ ಒಳ್ಳೆಯ ತಳಿಯ, ಸರಿಯಾಗಿ ಬಲಿತ ಕಬ್ಬಿನ ರಸವನ್ನು ಚೆನ್ನಾಗಿ ತಿಳಿ ಮಾಡಿದರೆ ಹೈಡ್ರೋಸ್ ಇಲ್ಲದೆಯೂ ಹೊಂಬಣ್ಣದ ಬೆಲ್ಲ ಬರಬಹುದು. ನೀವು ಕಪ್ಪು ಎಂದು ಸಾರಿದಿರಿ ಎಂದುಕೊಳ್ಳಿ. ಜನವರಿಯ ಒಂದು ಲಾಟ್ ಹೊಂಬಣ್ಣ ಬಂತು. ಆಗ ಗಿರಾಕಿ "ಈಗ ಇವರೂ ಶುರು ಹಚ್ಚಿಕೊಂಡರು" ಎನ್ನುತ್ತಾನೆ. "ಬಂದಂಗ ಬರ್ಲಿ" ಎಂದರೆ ಬಣ್ಣದ ಬಗ್ಗೆ ಯಾವ ಭರವಸೆಯನ್ನೂ ಕೊಟ್ಟ ಹಾಗಾಗಲಿಲ್ಲ. ಲಾಟಿನಿಂದ ಲಾಟಿಗೆ ಬಣ್ಣ ಬದಲಾಗುವುದನ್ನು ಸಾಲೇ ವಿವರಿಸಿಬಿಡುತ್ತದೆ.

ಕೊರತೆ ಇರುವುದು ಸಾಲಿನ ಎರಡನೇ ಅರ್ಧದಲ್ಲಿ. ಗಾಣದ ಹತ್ತಿರ ಬೆಳೆದವರಿಗೆ ಹೈಡ್ರೋಸ್ ಏನೆಂದು ಗೊತ್ತು. ವಿಜಯಪುರದ ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಗೊತ್ತಿರಬೇಕೆಂದಿಲ್ಲ. ಅದು ಬೆಲ್ಲದ ಬಣ್ಣ ತೆಗೆದು ಹಳದಿ ಮಾಡಲು ಹಾಕುವ ಸೋಡಿಯಂ ಹೈಡ್ರೋಸಲ್ಫೈಟ್ ಪುಡಿ, ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಉಳಿಸುತ್ತದೆ ಎಂದು ಪೌಚಿನ ಮೇಲೆ ಪಾಠ ಮಾಡಲು ಆಗುವುದಿಲ್ಲ. "ಬಣ್ಣಕ್ಕಾಗಿ ಏನೂ ಬೆರೆಸಿಲ್ಲ" ಎಂದರೆ ಎಲ್ಲರಿಗೂ ತಿಳಿಯುತ್ತದೆ. ಆದರೆ "ಏನೂ" ಎಂದ ಕೂಡಲೇ ಮಾತು ಅಗಲವಾಯಿತು. ನಿಮ್ಮ ಸುಣ್ಣ, ಬೆಂಡೆ ಲೋಳೆ ರಸವನ್ನು ತಿಳಿ ಮಾಡುವಾಗ ಬಣ್ಣವನ್ನೂ ಸ್ವಲ್ಪ ತಿಳಿ ಮಾಡುತ್ತವೆ. ಯಾರಾದರೂ ಅದನ್ನೇ ಹಿಡಿದರೆ ಉತ್ತರ ಕೊಡುವುದು ಕಷ್ಟ. ಎರಡರ ನಡುವೆ ಒಂದು ದಾರಿ ಇದೆ: "ಬಣ್ಣಕ್ಕೆ ಹೈಡ್ರೋಸ್ ಹಾಕಿಲ್ಲ". ಹೈಡ್ರೋಸ್ ಗೊತ್ತಿಲ್ಲದವರಿಗೂ ಅದು ಬಣ್ಣಕ್ಕೆ ಹಾಕುವ ಯಾವುದೋ ವಸ್ತು ಎಂದು ವಾಕ್ಯದಿಂದಲೇ ತಿಳಿಯುತ್ತದೆ. ಮಾತು ಒಂದೇ ವಸ್ತುವಿಗೆ ಸೀಮಿತವಾಗಿದೆ. ಅದನ್ನು ಪರೀಕ್ಷೆ ಮಾಡಿ ತೋರಿಸಬಹುದು.

ಹಾಗಾಗಿ ನನ್ನ ಸಲಹೆ: ದೊಡ್ಡ ಅಕ್ಷರದಲ್ಲಿ "ಬಣ್ಣ ಬಂದಂಗ ಬರ್ಲಿ". ಅದರ ಕೆಳಗೇ, ಸುಲಭವಾಗಿ ಓದುವಷ್ಟು ದೊಡ್ಡದಾಗಿ "ಬಣ್ಣಕ್ಕೆ ಹೈಡ್ರೋಸ್ ಹಾಕದೆ ಕುದಿಸಿದ ಕಬ್ಬಿನ ಬೆಲ್ಲ". ಮೇಲಿನದು ನೆನಪಿಗೆ, ಕೆಳಗಿನದು ಅರ್ಥಕ್ಕೆ. ಎರಡನ್ನೂ ಬಿಡಿಸಬೇಡಿ. ಆಟೋ ಹಿಂದಿನ ಜಾಹೀರಾತಿನಲ್ಲಿ ಮೇಲಿನದು ಮಾತ್ರ ಹಾಕಿದರೆ ಬಟ್ಟೆ ಅಂಗಡಿಯದೋ ಪೇಂಟ್ ಅಂಗಡಿಯದೋ ಎಂದು ಜನ ಗೊಂದಲ ಮಾಡಿಕೊಳ್ಳುತ್ತಾರೆ.

"ಹೈಡ್ರೋಸ್ ಬೆಲ್ಲ ವಿಷ" ಎಂಬ ಧಾಟಿಗೆ ಮಾತ್ರ ಹೋಗಬೇಡಿ. ಬೇರೆ ಉತ್ಪಾದಕರ ಮಾಲನ್ನು ಹೀಗಳೆಯುವುದನ್ನು ನಿಯಮಗಳು ಒಪ್ಪುವುದಿಲ್ಲ. ಇಂಥದ್ದು ಹಾಕಿಲ್ಲ ಎಂದು ಹೇಳುವ ಕ್ಲೇಮಿಗೂ ಷರತ್ತುಗಳಿವೆ. ಆದ್ದರಿಂದ ಪೌಚಿನ ಪೂರ್ತಿ ಡಿಸೈನನ್ನು ಆಹಾರ ಲೇಬಲ್ ಬಲ್ಲ ಸಲಹೆಗಾರರಿಗೆ ಒಮ್ಮೆ ತೋರಿಸಿ.

ಇನ್ನು ಪಕ್ಕದೂರಿನ ಗಾಣಗಳು. ಇಡೀ ಸಾಲು ನಿಲ್ಲುವುದು ಅಥವಾ ಬೀಳುವುದು ಇಲ್ಲೇ. ನಿಮ್ಮ ಕೊಪ್ಪರಿಗೆಗೆ ಹೈಡ್ರೋಸ್ ಬೀಳುವುದಿಲ್ಲ ಎಂದು ನೀವು ಆಣೆ ಮಾಡಿ ಹೇಳಬಹುದು. ಅವರ ಕೊಪ್ಪರಿಗೆ ಬಗ್ಗೆ? ಅವರ ಬೆಲ್ಲ ನಿಮ್ಮ ಪೌಚಿಗೆ ಬಂದ ದಿನ ಸಾಲಿಗೆ ಆಧಾರ ಇರುವುದಿಲ್ಲ. ನಿಮ್ಮ ಮುಂದೆ ಎರಡು ದಾರಿ ಇವೆ. ಒಂದು, ಹೊರಗಿನ ಬೆಲ್ಲವನ್ನು ಈ ಸಾಲು ಇಲ್ಲದ ಸಾದಾ ಪ್ಯಾಕಿನಲ್ಲಿ ಅಥವಾ ಮೊದಲಿನ ಹಾಗೆ ಪೆಂಟಿಯಲ್ಲೇ ಮಾರುವುದು. ಆಗ ಸೀಸನ್ನಿನಲ್ಲಿ ಕೆಲವು ಅಂಗಡಿಗೆ ಮಾಲು ಸಾಲದೇ ಹೋಗಬಹುದು, ಆ ನಷ್ಟ ಇದೆ. ಇನ್ನೊಂದು, ಆ ಗಾಣದವರಿಂದ ಬರಹದಲ್ಲಿ ಒಪ್ಪಿಗೆ ಪಡೆದು, ನಿಮಗಾಗಿ ಕುದಿಸುವ ದಿನ ನಿಮ್ಮ ಮನುಷ್ಯನನ್ನು ಅಲ್ಲಿ ನಿಲ್ಲಿಸಿ, ಅವರ ಪ್ರತಿ ಲಾಟನ್ನೂ ಪರೀಕ್ಷೆ ಮಾಡಿಸುವುದು. ಖರ್ಚು, ಓಡಾಟ ಜಾಸ್ತಿ. ಮೊದಲ ವರ್ಷ ನಾನಾದರೆ ಮೊದಲನೇ ದಾರಿ ಹಿಡಿಯುತ್ತೇನೆ.

ನಿಮ್ಮದೇ ಬೆಲ್ಲಕ್ಕೂ ಒಂದು ಫೈಲ್ ಬೇಕು. ಪ್ರತಿ ಲಾಟಿಗೆ ಒಂದು ಪುಟ ಸಾಕು: ಕುದಿಸಿದ ದಿನಾಂಕ, ಯಾವ ಹೊಲದ ಕಬ್ಬು, ಏನೇನು ಹಾಕಿದಿರಿ, ಯಾರು ಕುದಿಸಿದರು, ಪೌಚಿನ ಲಾಟ್ ನಂಬರ್. ಸುಣ್ಣ ಕೊಂಡ ಬಿಲ್ಲನ್ನೂ ಅದರ ಜೊತೆ ಇಡಿ. ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿಗೆ ಸ್ಯಾಂಪಲ್ ಕಳಿಸಿ ಗಂಧಕದ ಡೈಆಕ್ಸೈಡ್ ಎಷ್ಟಿದೆ ಎಂದು ನೋಡಿಸಿ. ಸ್ಯಾಂಪಲ್ ತಾಜಾ ಇರುವಾಗಲೇ ಕಳಿಸಬೇಕು. ಇಟ್ಟಷ್ಟೂ ಆ ಅನಿಲ ಕಡಿಮೆಯಾಗುತ್ತದೆ, ಹಾಗಾಗಿ ನಾಲ್ಕು ತಿಂಗಳ ಹಳೆಯ ಬೆಲ್ಲದ ಒಳ್ಳೆಯ ವರದಿಗೆ ಬೆಲೆ ಕಡಿಮೆ. ಒಂದು ವರದಿಯನ್ನು ಇಡೀ ಸೀಸನ್ನಿಗೆ ತೋರಿಸುವುದೂ ಸರಿಯಲ್ಲ. ಬೆಲ್ಲ ಕುದಿಸುವವರು ಬದಲಾದರೆ ತಪ್ಪದೆ ಮತ್ತೆ ಮಾಡಿಸಿ. ಮೊದಲಿನ ಕಡೆ ಹಾಕಿದ ಅಭ್ಯಾಸದಲ್ಲಿ ಒಂದು ಹಿಡಿ ಪುಡಿ ಹಾಕಿಬಿಟ್ಟರೆ ನಿಮಗೆ ಗೊತ್ತೇ ಆಗುವುದಿಲ್ಲ.

ಕಡೆಗೆ ಜನರ ಮುಂದೆ ಇಟ್ಟು ನೋಡುವುದು. ಸಾಲನ್ನು ಸಾದಾ ಪೌಚಿನ ಮೇಲೆ ಅಂಟಿಸಿ ನಿಮಗೆ ಪರಿಚಯ ಇರುವ ಒಂದು ಕಿರಾಣಿ ಅಂಗಡಿಗೆ ಹೋಗಿ. ಬೆಳಗಾವಿಯಲ್ಲಿ ಒಂದು, ವಿಜಯಪುರದಲ್ಲಿ ಒಂದು. ಹತ್ತು ಹದಿನೈದು ಗಿರಾಕಿಗಳು ಸಾಕು, ನೆಂಟರು ಬೇಡ. ಪೌಚನ್ನು ಐದು ಸೆಕೆಂಡು ತೋರಿಸಿ ತೆಗೆದುಬಿಡಿ. "ಚೆನ್ನಾಗಿದೆಯಾ?" ಎಂದು ಕೇಳಬೇಡಿ, ಎದುರಿಗೆ ನಿಂತವರಿಗೆ ಎಲ್ಲರೂ ಚೆನ್ನಾಗಿದೆ ಎಂದೇ ಹೇಳುತ್ತಾರೆ. "ಇದರಲ್ಲಿ ಏನಂತ ಬರೆದಿದ್ರು? ಏನು ತಿಳೀತು?" ಎಂದು ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ತಿದ್ದಬೇಡಿ. "ಬಣ್ಣಕ್ಕ ಏನೋ ಹಾಕ್ತಾರಲ್ರಿ, ಅದನ್ನ ಹಾಕಿಲ್ಲಂತ" ಎಂದರೆ ಸಾಲು ಕೆಲಸ ಮಾಡಿತು. "ಔಷಧಿ ಹೊಡೀಲಾರದ ಕಬ್ಬಿನ ಬೆಲ್ಲ ಇರಬೇಕ್ರಿ" ಎಂದು ಇಬ್ಬರು ಮೂವರು ಹೇಳಿದರೆ ಸಾಲು ನಿಮಗೆ ಗೊತ್ತಿಲ್ಲದೆ ಸಾವಯವ ಎನ್ನುತ್ತಿದೆ ಎಂದರ್ಥ. ಆಗ ಬಹುಶಃ ತಪ್ಪು ಸಾಲಿನದ್ದಲ್ಲ, ಪಕ್ಕದಲ್ಲಿ ಏಜೆನ್ಸಿಯವರು ಹಾಕಿರಬಹುದಾದ ಹಸಿರು ಎಲೆಯಂಥ ಚಿತ್ರದ್ದು. ಅಂಥ ಎಲೆ ಇದ್ದರೆ ತೆಗೆಸಿ ಮತ್ತೆ ತೋರಿಸಿ.

ಮಾರನೇ ದಿನ ಅವರಲ್ಲಿ ಒಪ್ಪಿದವರಿಗೆ ಫೋನ್ ಮಾಡಿ, "ನಿನ್ನೆ ತೋರಿಸಿದ ಬೆಲ್ಲದ ಮೇಲೆ ಏನಿತ್ತು?" ಎಂದು ಕೇಳಿ. ಪೂರ್ತಿ ಸಾಲು ಬರದಿದ್ದರೂ "ಬಂದಂಗ ಬರ್ಲಿ" ಎಂಬ ತುಂಡು ಬಂದರೆ ಸಾಕು. ಬ್ರ್ಯಾಂಡ್ ಹೆಸರನ್ನೂ ಕೇಳಿ. ಸಾಲು ಬಂದು ಹೆಸರು ಬರದೇ ಹೋದರೆ ಹೆಸರನ್ನು ಸಾಲಿನ ಹತ್ತಿರ, ಅದೇ ಬಣ್ಣದಲ್ಲಿ ತರಬೇಕು. ಇಷ್ಟು ಸಣ್ಣ ಪರೀಕ್ಷೆಯಿಂದ ಎಷ್ಟು ಮಾರಾಟ ಆಗುತ್ತದೆ ಎಂದು ಗೊತ್ತಾಗುವುದಿಲ್ಲ. ತಪ್ಪು ಅರ್ಥ ಬರುತ್ತಿದೆಯೇ ಎಂಬುದು ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ.

ಇದೆಲ್ಲ ಮುಗಿಯುವವರೆಗೆ ಸಿಲಿಂಡರ್ ಆರ್ಡರ್ ತಡೆಹಿಡಿಯಿರಿ. ಪೌಚ್ ಪ್ರಿಂಟಿಗೆ ಒಂದೊಂದು ಬಣ್ಣಕ್ಕೂ ಒಂದೊಂದು ಸಿಲಿಂಡರ್ ಬೇಕು. ಆಮೇಲೆ ಒಂದು ಪದ ಬದಲಿಸಿದರೂ ಆ ಬಣ್ಣದ ಸಿಲಿಂಡರ್ ಹೊಸದಾಗಿ ಮಾಡಿಸಬೇಕು, ಅಚ್ಚಾದ ಪೌಚುಗಳೆಲ್ಲ ದಂಡ. ಮೊದಲ ಒಂದೆರಡು ಲಾಟಿಗೆ ಕಡ್ಡಾಯ ವಿವರಗಳಿರುವ ಸಾದಾ ಪೌಚ್ ಮಾಡಿಸಿ, ಟ್ಯಾಗ್‌ಲೈನನ್ನು ಸ್ಟಿಕರ್ ಆಗಿ ಅಂಟಿಸಿ. ಸ್ಟಿಕರ್ ಆ ವಿವರಗಳ ಮೇಲೆ ಬೀಳದಿರಲಿ. ಲ್ಯಾಬ್ ವರದಿ ಸರಿ ಬಂದು, ಅಂಗಡಿಯ ಮಾತುಗಳನ್ನು ನೋಡಿ, ಪಕ್ಕದೂರಿನ ಬೆಲ್ಲ ಬೇರೆ ಪ್ಯಾಕಿಗೆ ಹೋಗುವುದು ಖಾತ್ರಿ ಆದ ಮೇಲೆ ಸಿಲಿಂಡರ್ ಮಾಡಿಸಿ. ಮೊದಲ ವರದಿಯಲ್ಲೇ ಗಂಧಕದ ಅಂಶ ಕಾಣಿಸಿಕೊಂಡರೆ ಆ ಲಾಟಿಗೆ ಸ್ಟಿಕರ್ ಹಚ್ಚದೆ, ಅದು ಎಲ್ಲಿಂದ ಬಂತು ಎಂದು ಗಾಣದಲ್ಲೇ ಹುಡುಕಿ. ಬೆಲ್ಲ ಕುದಿಸುವವರನ್ನು ಮೊದಲು ಕೇಳಿ.